ಶುರುವಿನ ವರ್ಷಗಳ ನಷ್ಟವನ್ನು ಮುಂದಿನ ಲಾಭದಲ್ಲಿ ಕಳೆಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ನೋಡಿಕೊಳ್ಳುತ್ತೇನೆ, ರಿಟರ್ನ್ ಹಾಕಿಕೊಡುತ್ತೇನೆ. ಹೊಸದಾಗಿ ಗಿರಣಿ, ಮಿಲ್, ವರ್ಕ್‌ಶಾಪ್ ಹಾಕಿದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಉದಾಹರಣೆಗೆ ತಿಪಟೂರಿನ ಒಂದು ಕೊಬ್ಬರಿ ಎಣ್ಣೆ ಮಿಲ್ ಇಟ್ಟುಕೊಂಡಿದ್ದೇನೆ. ಅಣ್ಣ, ತಂಗಿ ಇಬ್ಬರೇ ಪಾಲುದಾರರು. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಇಲ್ಲಿ ಅವರು ಬರೀ ಅಣ್ಣ ಮತ್ತು ತಂಗಿ.

ನಷ್ಟ ಆದ ವರ್ಷ ಹೇಗೂ ತೆರಿಗೆ ಇಲ್ಲ. ಮತ್ತೆ ರಿಟರ್ನ್ ಯಾಕೆ ಹಾಕಬೇಕು?

ಫರ್ಮ್ ಅಥವಾ ಕಂಪನಿ ಆದರೆ ನಷ್ಟ ಇರಲಿ, ಲಾಭ ಇರಲಿ, ಹಾಕಲೇಬೇಕು. ಅದು ಕಾನೂನು. ಆದರೆ ನಿಮಗೆ ಬೇಕಾದ ಉತ್ತರ ಅದಲ್ಲ, ಅಲ್ವಾ?

ವ್ಯಾಪಾರದ ನಷ್ಟವನ್ನು ಮುಂದಿನ 8 ಅಸೆಸ್‌ಮೆಂಟ್ ವರ್ಷಗಳ ತನಕ ಒಯ್ಯಬಹುದು. ಆ ವರ್ಷಗಳಲ್ಲಿ ವ್ಯಾಪಾರದಿಂದ ಲಾಭ ಬಂದರೆ ಮೊದಲು ಹಳೆ ನಷ್ಟ ಕಳೆಯುತ್ತಾರೆ, ಉಳಿದದ್ದಕ್ಕೆ ಮಾತ್ರ ತೆರಿಗೆ. ಪಾಲುದಾರಿಕೆ ಫರ್ಮ್‌ಗೆ ಮೊದಲ ರೂಪಾಯಿಯಿಂದಲೇ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್. ಒಟ್ಟು ಶೇ. 31.2. ಅಂದರೆ ಫರ್ಮ್‌ನ 1 ಲಕ್ಷ ನಷ್ಟ ಸರಿಯಾಗಿ ದಾಖಲಾಗಿದ್ದರೆ ಮುಂದೊಂದು ದಿನ 31,200 ರೂಪಾಯಿ ಉಳಿಸುತ್ತದೆ.

ಹೀಗೆ ಒಯ್ಯೋದಕ್ಕೆ ಒಂದು ಕಟ್ಟುನಿಟ್ಟಿನ ಷರತ್ತು ಇದೆ. ನಷ್ಟ ಆದ ವರ್ಷದ ರಿಟರ್ನ್ ಕೊನೇ ತಾರೀಕಿನ ಒಳಗೆ ಹೋಗಿರಬೇಕು. ಒಂದು ದಿನ ತಡವಾದರೂ ಆ ವರ್ಷದ ವ್ಯಾಪಾರ ನಷ್ಟ ಅಲ್ಲಿಗೇ ನಿಲ್ಲುತ್ತದೆ. ದಂಡ ಕಟ್ಟಿದರೂ ವಾಪಸ್ ಬರೋಲ್ಲ.

8 ವರ್ಷ ಅಂದರೆ ಯಾವ ವರ್ಷದಿಂದ ಎಣಿಸೋದು?

ನಷ್ಟದ ವರ್ಷವನ್ನು ಬಿಟ್ಟು ಎಣಿಸಿ. ನಮ್ಮ ಮಿಲ್‌ಗೆ ಮೊದಲ ನಷ್ಟ ಬಂದದ್ದು 2021-22ರ ಹಣಕಾಸು ವರ್ಷದಲ್ಲಿ. ಅದರ ಅಸೆಸ್‌ಮೆಂಟ್ ವರ್ಷ 2022-23. ಅದಾದ ಮೇಲೆ 8 ವರ್ಷ ಎಣಿಸಿದರೆ 2030-31ರ ಅಸೆಸ್‌ಮೆಂಟ್ ವರ್ಷಕ್ಕೆ ಬಂದು ನಿಲ್ಲುತ್ತದೆ. ಅಂದರೆ 2030ರ ಮಾರ್ಚ್ 31ರ ಒಳಗೆ ಗಳಿಸಿದ ಲಾಭದಲ್ಲಿ ಕಳೆದುಕೊಳ್ಳಬೇಕು. ಪ್ರತಿ ವರ್ಷದ ನಷ್ಟಕ್ಕೂ ಅದರದೇ 8 ವರ್ಷ. ಕಳೆಯುವಾಗ ಹಳೆಯದು ಮೊದಲು.

ನಷ್ಟವೂ ಸವಕಳಿಯೂ ಒಂದೇ ಅಲ್ವಾ? ಎರಡೂ ಸೇರಿಸಿ ಒಂದೇ ಮೊತ್ತ ಬರೆದರೆ ಏನು?

ಒಂದೇ ಅಲ್ಲ. ಇಡೀ ವಿಷಯದಲ್ಲಿ ಜನ ಜಾಸ್ತಿ ಎಡವೋದು ಇಲ್ಲೇ.

ಎರಡು ಡಬ್ಬ ಇವೆ ಅಂದುಕೊಳ್ಳಿ. ಒಂದರಲ್ಲಿ ವ್ಯಾಪಾರದ ನಷ್ಟ: ಮಾರಾಟಕ್ಕಿಂತ ಮಾಲು, ಕೂಲಿ, ಬಾಡಿಗೆ, ಕರೆಂಟು, ಬಡ್ಡಿ ಜಾಸ್ತಿಯಾಗಿ ಆದ ಕೊರತೆ. ಇನ್ನೊಂದರಲ್ಲಿ ಸವಕಳಿ, ಅಂದರೆ ಡಿಪ್ರಿಸಿಯೇಶನ್. ಮೆಷೀನಿನ ಬೆಲೆಯನ್ನು ಒಂದೇ ಸಲ ಖರ್ಚು ಹಾಕೋಕೆ ಬಿಡೋಲ್ಲ. ಸಾಮಾನ್ಯ ಯಂತ್ರಗಳಿಗೆ ವರ್ಷಕ್ಕೆ ಉಳಿದ ಬೆಲೆಯ ಶೇ. 15 ಬಿಡುತ್ತಾರೆ. ಮೆಷೀನ್ ತಂದ ವರ್ಷ ಅದನ್ನು 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲಿ ಅರ್ಧ, ಶೇ. 7.5. ಲಾಭವೇ ಇಲ್ಲದಿದ್ದರೆ ಈ ಸವಕಳಿಯನ್ನು ಕಳೆಯೋದು ಎಲ್ಲಿ? ಹಾಗೆ ಉಳಿದದ್ದು ಎರಡನೇ ಡಬ್ಬಕ್ಕೆ ಹೋಗುತ್ತದೆ.

ಮೊದಲ ಡಬ್ಬಕ್ಕೆ 8 ವರ್ಷದ ಆಯಸ್ಸು. ಎರಡನೆಯದಕ್ಕೆ ಆಯಸ್ಸಿನ ಮಿತಿಯೇ ಇಲ್ಲ. ಮೊದಲನೆಯದನ್ನು ಮುಂದಿನ ವರ್ಷಗಳಲ್ಲಿ ವ್ಯಾಪಾರದ ಲಾಭದಲ್ಲಿ ಮಾತ್ರ ಕಳೆಯಬಹುದು. ಎರಡನೆಯದನ್ನು ಬ್ಯಾಂಕ್ ಬಡ್ಡಿ, ಬಾಡಿಗೆ ಮುಂತಾದ ಆದಾಯದಲ್ಲೂ ಕಳೆಯಬಹುದು, ಸಂಬಳದಲ್ಲಿ ಆಗೋಲ್ಲ. ರಿಟರ್ನ್ ತಡವಾದರೆ ಮೊದಲನೆಯದು ಹೋಗುತ್ತದೆ, ಎರಡನೆಯದು ಉಳಿಯುತ್ತದೆ.

ಎರಡನ್ನೂ ಕಲಸಿ ಎಲ್ಲವನ್ನೂ ವ್ಯಾಪಾರ ನಷ್ಟ ಅಂತ ಬರೆದರೆ, ಆಯಸ್ಸಿಲ್ಲದ ಹಣಕ್ಕೆ ನೀವೇ 8 ವರ್ಷದ ಗಡುವು ಹಾಕಿಕೊಂಡ ಹಾಗೆ. ರಿಟರ್ನ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ ಇದೆ. ವ್ಯಾಪಾರ ನಷ್ಟ Schedule CFL ಅನ್ನುವ ಕಡೆ ಕಾಣಬೇಕು, ಉಳಿದ ಸವಕಳಿ Schedule UD ಅನ್ನುವ ಕಡೆ.

ಒಂದು ಲೆಕ್ಕ ಪೂರ್ತಿ ತೋರಿಸಿ.

ಸರಿ. ಅಣ್ಣ ತಂಗಿ ಮಿಲ್ ಶುರು ಮಾಡಿದ್ದು 2021ರ ನವೆಂಬರ್‌ನಲ್ಲಿ. ಯಂತ್ರಗಳಿಗೆ ಬಿದ್ದ ಖರ್ಚು 20 ಲಕ್ಷ. ಮೆಷೀನ್ ಓಡೋಕೆ ಮುಂಚೆ ಬ್ಯಾಂಕಿಗೆ ಕಟ್ಟಿದ ಸಾಲದ ಬಡ್ಡಿಯೂ ಇದರಲ್ಲೇ ಸೇರಿದೆ. ಆ ಬಡ್ಡಿಯನ್ನು ನೇರವಾಗಿ ಖರ್ಚು ಹಾಕೋಕೆ ಬರೋಲ್ಲ, ಮೆಷೀನಿನ ಬೆಲೆಗೇ ಸೇರಿಸಬೇಕು.

ಮೊದಲ ವರ್ಷ, 2021-22. ತಂಗಿ ತಂದ ಪುಸ್ತಕದಲ್ಲಿ ಸವಕಳಿ ಬಿಟ್ಟು ನಷ್ಟ 4,60,000 ಇತ್ತು. ಅದರಲ್ಲಿ 60,000 ರೂಪಾಯಿ ಒಬ್ಬ ಮಂಡಿ ವ್ಯಾಪಾರಿಗೆ ಒಂದೇ ದಿನ ನಗದಾಗಿ ಕೊಟ್ಟದ್ದು. ಒಬ್ಬರಿಗೆ ಒಂದು ದಿನಕ್ಕೆ 10,000 ಮೀರಿ ನಗದು ಕೊಟ್ಟರೆ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಒಪ್ಪೋಲ್ಲ. ಹಾಗಾಗಿ ನಷ್ಟ 4,00,000ಕ್ಕೆ ಇಳಿಯಿತು. ಮೆಷೀನ್ ಓಡಿದ್ದು 180 ದಿನಕ್ಕಿಂತ ಕಡಿಮೆ, ಆದ್ದರಿಂದ ಸವಕಳಿ 20 ಲಕ್ಷದ ಶೇ. 7.5, ಅಂದರೆ 1,50,000. ಮೊದಲ ಡಬ್ಬಕ್ಕೆ 4,00,000. ಎರಡನೆಯದಕ್ಕೆ 1,50,000.

ಎರಡನೇ ವರ್ಷ, 2022-23. ವ್ಯಾಪಾರ ನಷ್ಟ 2,50,000. ಮೆಷೀನಿನ ಉಳಿದ ಬೆಲೆ 18,50,000, ಸವಕಳಿ 2,77,500. ಈಗ ಮೊದಲ ಡಬ್ಬದಲ್ಲಿ 6,50,000, ಎರಡನೆಯದರಲ್ಲಿ 4,27,500.

ಮೂರನೇ ವರ್ಷ, 2023-24. ಬೆಂಗಳೂರಿನ ಅಂಗಡಿಗಳಿಗೆ ಎಣ್ಣೆ ಹೋಗೋಕೆ ಶುರುವಾಯಿತು. ಪಾಲುದಾರರ ಸಂಬಳ ಎಲ್ಲ ಕಳೆದ ಮೇಲೂ, ಸವಕಳಿಗೆ ಮುಂಚಿನ ಲಾಭ 10,00,000. ಇಲ್ಲಿ ಕಳೆಯುವ ಕ್ರಮ ಮುಖ್ಯ. ಮೊದಲು ಆ ವರ್ಷದ ಸವಕಳಿ 2,35,875 ಕಳೆಯಬೇಕು. ಉಳಿದದ್ದು 7,64,125. ಆಮೇಲೆ ಹಳೆಯ ವ್ಯಾಪಾರ ನಷ್ಟ 6,50,000 ಕಳೆದರೆ 1,14,125. ಕೊನೆಗೆ ಹಳೆಯ ಸವಕಳಿಯ ಡಬ್ಬದಿಂದ 1,14,125 ತೆಗೆದರೆ ಆದಾಯ ಸೊನ್ನೆ, ತೆರಿಗೆಯೂ ಸೊನ್ನೆ. ಎರಡನೇ ಡಬ್ಬದಲ್ಲಿ ಇನ್ನೂ 3,13,375 ಉಳಿದಿದೆ.

ಈ ಕ್ರಮ ನಿಮ್ಮ ಪರವಾಗಿಯೇ ಇದೆ ನೋಡಿ. ಆಯಸ್ಸು ಇರುವ ನಷ್ಟ ಮೊದಲು ಖಾಲಿಯಾಗುತ್ತದೆ, ಕೆಡದೆ ಇರುವ ಸವಕಳಿ ಕೊನೆಗೆ ಉಳಿಯುತ್ತದೆ. ಮನೆಯಲ್ಲಿ ಹಾಲು ಮೊದಲು ಬಳಸಿ, ಬೆಲ್ಲ ಆಮೇಲೆ ಬಳಸಿದ ಹಾಗೆ.

ನಾಲ್ಕನೇ ವರ್ಷ, 2024-25. ಸವಕಳಿಗೆ ಮುಂಚಿನ ಲಾಭ 9,00,000. ಆ ವರ್ಷದ ಸವಕಳಿ 2,00,494 ಕಳೆದರೆ 6,99,506. ಹಳೆ ಸವಕಳಿ 3,13,375 ಕಳೆದರೆ 3,86,131. ಇದಕ್ಕೆ ಶೇ. 31.2ರಂತೆ ತೆರಿಗೆ ಸುಮಾರು 1,20,500.

ಹಳೆಯದೇನೂ ಮುಂದಕ್ಕೆ ಬರದೆ ಇದ್ದಿದ್ದರೆ ಈ ಎರಡು ಲಾಭದ ವರ್ಷ ಸೇರಿ ಸುಮಾರು 4,56,700 ಕಟ್ಟಬೇಕಿತ್ತು. ಉಳಿದದ್ದು 3,36,000 ರೂಪಾಯಿಗೂ ಸ್ವಲ್ಪ ಜಾಸ್ತಿ.

ರೈತರಿಂದ ಕೊಬ್ಬರಿ ಕೊಳ್ಳುವಾಗ ನಗದೇ ಕೊಡಬೇಕಾಗುತ್ತೆ. ಅದೂ ಹೋಗುತ್ತಾ?

ಬೆಳೆದ ರೈತರಿಗೇ ಅವರ ಬೆಳೆಗೆ ಕೊಟ್ಟ ನಗದಿಗೆ ವಿನಾಯಿತಿ ಇದೆ. 10,000 ಮೀರಿದರೂ ಖರ್ಚು ನಿಲ್ಲುತ್ತದೆ. ಆದರೆ ಯಾರಿಂದ ಕೊಂಡಿರಿ ಅನ್ನೋದಕ್ಕೆ ಚೀಟಿ, ಸಹಿ, ಊರು, ತೂಕ ಎಲ್ಲ ಇರಬೇಕು. ನಡುವಿನ ವ್ಯಾಪಾರಿಗೆ ಕೊಟ್ಟರೆ ಈ ವಿನಾಯಿತಿ ಇಲ್ಲ. ಮೇಲಿನ 60,000 ಹೋದದ್ದು ಹೀಗೇ. ಅಣ್ಣ "ಅವರೂ ನಮ್ಮೂರ ಕಡೆಯವರೇ, ತೋಟ ಇದೆ ಸಾರ್" ಅಂದರು. ತೋಟ ಇರಬಹುದು, ಆದರೆ ಆವತ್ತು ಮಾರಿದ್ದು ಹತ್ತು ಜನರಿಂದ ಕೂಡಿಹಾಕಿದ ಕೊಬ್ಬರಿ.

ಮೆಷೀನಿಗೂ ಇದೇ ಮಾತು. ಫ್ಯಾಬ್ರಿಕೇಶನ್ ಮಾಡಿದವರಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟರೆ ಆ ಹಣ ಮೆಷೀನಿನ ಬೆಲೆಗೆ ಸೇರೋದೇ ಇಲ್ಲ. ಸವಕಳಿಯೂ ಸಿಗೋಲ್ಲ.

ಕೊನೇ ತಾರೀಕು ಯಾವುದು?

ಆಡಿಟ್ ಬೇಕಿಲ್ಲದವರಿಗೆ ಇಷ್ಟು ವರ್ಷ ಜುಲೈ 31 ಇತ್ತು. ಆಡಿಟ್ ಇರುವವರಿಗೆ ಮತ್ತು ಕಂಪನಿಗಳಿಗೆ ಅಕ್ಟೋಬರ್ 31. ಆಗಾಗ ಮುಂದೂಡುತ್ತಾರೆ. 2025ರಲ್ಲಿ ಆಡಿಟ್ ಇಲ್ಲದವರ ತಾರೀಕು ಸೆಪ್ಟೆಂಬರ್ 16ರ ತನಕ ಹೋಯಿತು. ಮುಂದೂಡಿದ ತಾರೀಕಿನ ಒಳಗೆ ಹಾಕಿದರೂ ನಷ್ಟ ಉಳಿಯುತ್ತದೆ. ಆಯಾ ವರ್ಷದ ತಾರೀಕನ್ನು ಆದಾಯ ತೆರಿಗೆ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಹೇಗೂ ಮುಂದೂಡುತ್ತಾರೆ ಅಂತ ಕಾಯಬೇಡಿ.

ತಾರೀಕಿನ ಒಳಗೇ ರಿಟರ್ನ್ ಹಾಕಿದ್ದೆ. ಆದರೂ ನಷ್ಟ ಸಿಗಲಿಲ್ಲ. ಯಾಕೆ?

ಇ-ವೆರಿಫೈ ಆಗಿದೆಯಾ ನೋಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ತಪ್ಪು ನಮ್ಮ ಆಫೀಸಿನದ್ದೇ.

2023ರ ಜುಲೈ 29ಕ್ಕೆ ಮಿಲ್‌ನ ಎರಡನೇ ವರ್ಷದ ರಿಟರ್ನ್ ಅಪ್‌ಲೋಡ್ ಮಾಡಿದೆವು. ವೆರಿಫೈ ಮಾಡೋಕೆ ಅಣ್ಣನ ಆಧಾರ್ ಒಟಿಪಿ ಬೇಕಿತ್ತು. ಒಟಿಪಿ ಬರಲಿಲ್ಲ. ಆಮೇಲೆ ಗೊತ್ತಾಯಿತು, ಆಧಾರ್‌ಗೆ ಜೋಡಿಸಿದ್ದು ಅವರ ಹಳೆಯ ಸಿಮ್, ಅದು ನಿಂತು ಎರಡು ವರ್ಷವಾಗಿತ್ತು. "ನಂಬರ್ ಬದಲಾಯಿಸಿಕೊಂಡು ಬರ್ತೀನಿ" ಅಂತ ಹೋದರು. ನಮ್ಮ ಹುಡುಗ ಆ ಫೈಲನ್ನು ಮುಗಿದ ಕಟ್ಟಿನಲ್ಲಿ ಸೇರಿಸಿಬಿಟ್ಟ. ನಾನೂ ನೋಡಲಿಲ್ಲ. ಸೆಪ್ಟೆಂಬರ್ 12ಕ್ಕೆ ಬೇರೇನೋ ಹುಡುಕುವಾಗ ಕಣ್ಣಿಗೆ ಬಿತ್ತು, ಆವತ್ತೇ ವೆರಿಫೈ ಮಾಡಿಸಿದೆವು.

ನಿಯಮ ಹೀಗಿದೆ. ಅಪ್‌ಲೋಡ್ ಆದ 30 ದಿನದ ಒಳಗೆ ವೆರಿಫೈ ಮಾಡಿದರೆ ಅಪ್‌ಲೋಡ್ ಮಾಡಿದ ದಿನವೇ ರಿಟರ್ನ್ ಹಾಕಿದ ದಿನ. 30 ದಿನ ದಾಟಿದರೆ, ವೆರಿಫೈ ಮಾಡಿದ ದಿನವೇ ಹಾಕಿದ ದಿನ. ಅಂದರೆ ನಮ್ಮ ಜುಲೈ 29ರ ರಿಟರ್ನ್ ಲೆಕ್ಕದಲ್ಲಿ ಸೆಪ್ಟೆಂಬರ್ 12ರದ್ದಾಯಿತು. ಆ ವರ್ಷದ ವ್ಯಾಪಾರ ನಷ್ಟ 2,50,000 ಕೈಬಿಡುವ ಸ್ಥಿತಿ. ತೆರಿಗೆಯಲ್ಲಿ ಅದರ ಬೆಲೆ 78,000. ಸವಕಳಿಯ 2,77,500ಕ್ಕೆ ಮಾತ್ರ ಏನೂ ಆಗಲಿಲ್ಲ, ಅದಕ್ಕೆ ತಾರೀಕಿನ ಷರತ್ತು ಇಲ್ಲವಲ್ಲ.

ಪೋರ್ಟಲ್‌ನಲ್ಲಿ Condonation Request ಅನ್ನುವ ಸೇವೆ ಇದೆ. ಅಲ್ಲಿ ವೆರಿಫೈ ತಡವಾದದ್ದಕ್ಕೆ ಕಾರಣ ಬರೆದು ಕ್ಷಮೆ ಕೇಳಬಹುದು. ಸಿಮ್ ಕಥೆಯನ್ನು ಇದ್ದ ಹಾಗೇ ಬರೆದೆವು. ಇಲಾಖೆ ಒಪ್ಪಿತು, ನಷ್ಟ ಉಳಿಯಿತು, ಮೇಲಿನ ಲೆಕ್ಕದಲ್ಲಿ 6,50,000 ಪೂರ್ತಿ ಇರೋದು ಅದರಿಂದಲೇ. ಆದರೆ ಒಪ್ಪಲೇಬೇಕು ಅಂತ ಏನಿಲ್ಲ. ಆ ಆದೇಶ ಬರುವ ತನಕ ನಾನು ತಿಪಟೂರಿನ ಕಡೆ ತಲೆ ಹಾಕಲಿಲ್ಲ.

ರಿಟರ್ನ್ ಹಾಕೋದೇ ತಡವಾಗಿದ್ದರೆ?

ದಾರಿ ಇದೆ, ಸುಲಭದ್ದಲ್ಲ. ಆದಾಯ ತೆರಿಗೆ ಕಾಯ್ದೆಯ 119(2)(ಬಿ) ಅಡಿಯಲ್ಲಿ ಅರ್ಜಿ ಹಾಕಬೇಕು. 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ, ಅಸೆಸ್‌ಮೆಂಟ್ ವರ್ಷ ಮುಗಿದ 5 ವರ್ಷದ ಒಳಗೆ ಹಾಕಬಹುದು. ಮೊತ್ತ 1 ಕೋಟಿಯ ತನಕ ಇದ್ದರೆ ಪ್ರಿನ್ಸಿಪಲ್ ಕಮಿಷನರ್ ಹಂತದಲ್ಲೇ ತೀರ್ಮಾನ. ತಡವಾದದ್ದಕ್ಕೆ ನಂಬುವಂಥ ಕಾರಣ, ಅದಕ್ಕೆ ಕಾಗದ ಎರಡೂ ಬೇಕು. ಆಸ್ಪತ್ರೆ ದಾಖಲೆ ಇದ್ದರೆ ಒಂದು ಮಾತು. "ಗೊತ್ತಿರಲಿಲ್ಲ" ಅನ್ನೋದು ಸಾಲೋಲ್ಲ.

ಅಪ್‌ಡೇಟೆಡ್ ರಿಟರ್ನ್, ಅಂದರೆ ಐಟಿಆರ್-ಯು ಹಾಕಿ ನಷ್ಟ ತೋರಿಸುತ್ತೇನೆ ಅನ್ನುವವರೂ ಇದ್ದಾರೆ. ಆಗೋಲ್ಲ. ಅದು ತೆರಿಗೆ ಜಾಸ್ತಿ ಕಟ್ಟುವವರಿಗೆ ಇರುವ ಬಾಗಿಲು.

ಸಮಯಕ್ಕೆ ಹಾಕಿದ ರಿಟರ್ನ್‌ನಲ್ಲಿ ನಷ್ಟದ ಅಂಕಿ ತಪ್ಪಾಗಿದ್ದರೆ ಮಾತ್ರ ಚಿಂತೆ ಬೇಡ. ಗಡುವಿನ ಒಳಗೆ ಪರಿಷ್ಕೃತ ರಿಟರ್ನ್ ಹಾಕಿ ಸರಿಮಾಡಬಹುದು.

ನಮ್ಮ ಆಡಿಟರ್ ಸುಲಭದ ಫಾರಂ ಹಾಕಿ ಶೇ. 6 ಲಾಭ ತೋರಿಸಿಬಿಟ್ಟಿದ್ದಾರೆ. ನಷ್ಟ ಏನಾಯಿತು?

ಹೋಯಿತು. ಅದು 44ಎಡಿ ಅನ್ನುವ ಅಂದಾಜು ಲಾಭದ ಪದ್ಧತಿ. ವಹಿವಾಟಿನ ಶೇ. 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ. 6 ಲಾಭ ಅಂತ ಒಪ್ಪಿಕೊಂಡು ಪುಸ್ತಕ ತೋರಿಸದೆ ಮುಗಿಸೋದು. ಫಾರಂ ಐಟಿಆರ್-4. ಅದರಲ್ಲಿ ನಷ್ಟವನ್ನು ಮುಂದಕ್ಕೆ ಒಯ್ಯುವ ಪುಟವೇ ಇಲ್ಲ.

ವಹಿವಾಟು 40 ಲಕ್ಷ ಇದ್ದು ನಿಜವಾಗಿ 3 ಲಕ್ಷ ನಷ್ಟ ಆಗಿದ್ದರೂ, ಈ ಫಾರಂ ಹಾಕಿದರೆ ನೀವು ಲಾಭ ಮಾಡಿದ್ದೀರಿ ಅಂತಲೇ ದಾಖಲೆ. ಫರ್ಮ್ ಆಗಿದ್ದರೆ ಇಲ್ಲದ ಲಾಭಕ್ಕೆ ತೆರಿಗೆಯನ್ನೂ ಕಟ್ಟುತ್ತೀರಿ. ಫೀಸ್ ಕಡಿಮೆ, ಕೆಲಸ ಹತ್ತು ನಿಮಿಷದ್ದು. ಹಾಗಾಗಿ ಹೊಸಬರಿಗೆ ಇದನ್ನೇ ಕಟ್ಟಿಕೊಡುತ್ತಾರೆ. ನನಗೆ ಇದು ಸರಿ ಕಾಣೋಲ್ಲ.

ನಷ್ಟ ತೋರಿಸಬೇಕು ಅಂದರೆ ಸರಿಯಾದ ಪುಸ್ತಕ ಇಟ್ಟು, ಸ್ವಂತ ವ್ಯಾಪಾರವಾದರೆ ಐಟಿಆರ್-3, ಫರ್ಮ್ ಆದರೆ ಐಟಿಆರ್-5 ಹಾಕಬೇಕು. ಇನ್ನೊಂದು ತೊಡಕು ಇದೆ. ಒಮ್ಮೆ 44ಎಡಿ ಒಳಗೆ ಹೋಗಿ, ಐದು ವರ್ಷದ ಒಳಗೆ ಹೊರಗೆ ಬಂದರೆ, ಮುಂದಿನ ಐದು ವರ್ಷ ಮತ್ತೆ ಒಳಗೆ ಸೇರಿಸೋಲ್ಲ. ಆದ್ದರಿಂದ ಮೊದಲ ವರ್ಷವೇ ಯೋಚಿಸಿ ಹೆಜ್ಜೆ ಇಡಿ. ಮೊದಲು ಪುಸ್ತಕ ಇಟ್ಟು ನಷ್ಟ ದಾಖಲು ಮಾಡಿ, ಆಮೇಲೆ 44ಎಡಿಗೆ ಹೋದರೆ ಹಳೆಯ ವ್ಯಾಪಾರ ನಷ್ಟವನ್ನು ಆ ಅಂದಾಜು ಲಾಭದಲ್ಲೂ ಕಳೆದುಕೊಳ್ಳಬಹುದು.

ನಂದು ಫರ್ಮ್ ಅಲ್ಲ, ನನ್ನ ಹೆಸರಿನಲ್ಲೇ ವ್ಯಾಪಾರ. 12 ಲಕ್ಷದ ತನಕ ತೆರಿಗೆ ಇಲ್ಲವಲ್ಲ, ಇದೆಲ್ಲ ಯಾಕೆ?

ಒಳ್ಳೆಯ ಪ್ರಶ್ನೆ. ಕೋಲಾರದಲ್ಲಿ ಟೊಮೆಟೊ ಕ್ರೇಟ್ ಬಾಡಿಗೆಗೆ ಕೊಡುವ ಒಬ್ಬರು ಮೊನ್ನೆ ಇದನ್ನೇ ಕೇಳಿದರು. ಅವರದು 3 ಲಕ್ಷ ಹಳೆ ನಷ್ಟ ಇದೆ.

2025-26ರಿಂದ ಹೊಸ ಪದ್ಧತಿಯಲ್ಲಿ ವ್ಯಕ್ತಿಯ ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಈಗ ಎರಡು ಸನ್ನಿವೇಶ ನೋಡಿ. ಅವರ ಲಾಭ 9 ಲಕ್ಷ ಬಂತು ಅನ್ನೋಣ. ಹಳೆ ನಷ್ಟ ಕಳೆದರೆ 6 ಲಕ್ಷ. ಎರಡಕ್ಕೂ ತೆರಿಗೆ ಸೊನ್ನೆಯೇ. ನಷ್ಟ ಖರ್ಚಾಯಿತು, ಉಳಿದದ್ದು ಏನೂ ಇಲ್ಲ. ಅದೇ ಲಾಭ 14 ಲಕ್ಷ ಬಂದಿದ್ದರೆ? ನಷ್ಟ ಇಲ್ಲದಿದ್ದರೆ ತೆರಿಗೆ, ಸೆಸ್ ಸೇರಿ 93,600. ನಷ್ಟ ಕಳೆದರೆ ಆದಾಯ 11 ಲಕ್ಷ, ರಿಯಾಯಿತಿಯ ಒಳಗೆ, ತೆರಿಗೆ ಸೊನ್ನೆ. ಅದೇ 3 ಲಕ್ಷ ನಷ್ಟ ಒಂದು ಕಡೆ ಏನೂ ಕೊಡಲಿಲ್ಲ, ಇನ್ನೊಂದು ಕಡೆ 93,600 ಕೊಟ್ಟಿತು.

"ಹಾಗಾದ್ರೆ 9 ಲಕ್ಷದ ವರ್ಷ ನಷ್ಟ ಮುಟ್ಟದೆ ಇಟ್ಕೊಂಡು, 14 ಲಕ್ಷದ ವರ್ಷ ತೆಗೀತೀನಿ" ಅಂದರು. ಅದಕ್ಕೆ ಅವಕಾಶ ಇಲ್ಲ. ಲಾಭ ಬಂದ ಮೊದಲ ವರ್ಷವೇ ಕಳೆಯಬೇಕು, ಬೇಕಾದಾಗ ತೆಗೆಯುವ ಬ್ಯಾಂಕ್ ಖಾತೆ ಅಲ್ಲ ಇದು. ಹಾಗಾಗಿ ಸ್ವಂತ ಹೆಸರಿನ ಸಣ್ಣ ವ್ಯಾಪಾರಕ್ಕೆ ಹಳೆ ನಷ್ಟದಿಂದ ಸಿಗುವ ಲಾಭ ಈಗ ಮೊದಲಿಗಿಂತ ಕಡಿಮೆ. ಆದರೂ ರಿಟರ್ನ್ ಹಾಕಿಡಿ. ಟೊಮೆಟೊ ರೇಟಿನ ಹಾಗೇ, ಯಾವ ವರ್ಷ ಎಷ್ಟು ಬರುತ್ತೋ ಯಾರಿಗೆ ಗೊತ್ತು.

ನಷ್ಟವನ್ನು ನನ್ನ ಸಂಬಳದಲ್ಲಿ ಕಳೆಯಬಹುದಾ?

ಇಲ್ಲ. ಅದೇ ವರ್ಷವೂ ಇಲ್ಲ, ಮುಂದೆಯೂ ಇಲ್ಲ. ಗಂಡ ಅಥವಾ ಹೆಂಡತಿಯ ಸಂಬಳದಲ್ಲಂತೂ ಇಲ್ಲವೇ ಇಲ್ಲ.

ಅದೇ ವರ್ಷದ ಬಾಡಿಗೆ, ಬ್ಯಾಂಕ್ ಬಡ್ಡಿ ಆದಾಯದಲ್ಲಿ ವ್ಯಾಪಾರ ನಷ್ಟ ಕಳೆಯಬಹುದು. ಮುಂದಿನ ವರ್ಷಕ್ಕೆ ಹೋದ ಮೇಲೆ ವ್ಯಾಪಾರದ ಲಾಭದಲ್ಲಿ ಮಾತ್ರ.

ತೋಟದ ಆದಾಯ ಈ ನಷ್ಟವನ್ನು ತಿಂದುಹಾಕುತ್ತಾ?

ಇಲ್ಲ. ಕೃಷಿ ಆದಾಯಕ್ಕೆ ತೆರಿಗೆ ವಿನಾಯಿತಿ ಇದೆ, ವ್ಯಾಪಾರ ನಷ್ಟ ಅದರ ಜೊತೆ ಸೇರೋಲ್ಲ. ತೆಂಗಿನ ತೋಟದಲ್ಲಿ ಎಷ್ಟೇ ಬರಲಿ, ಮಿಲ್‌ನ ನಷ್ಟ ಹಾಗೇ ಇರುತ್ತದೆ. ಅದೇ ರೀತಿ ತೋಟದಲ್ಲಿ ಆದ ನಷ್ಟವನ್ನು ಮಿಲ್‌ನ ಲಾಭದಲ್ಲಿ ಕಳೆಯೋಕೂ ಆಗೋಲ್ಲ.

ವ್ಯಾಪಾರ ಬದಲಾಯಿಸಿದರೆ? ಮುಚ್ಚಿದರೆ?

ಎಣ್ಣೆ ಬಿಟ್ಟು ನಾರಿನ ಕೆಲಸ ಶುರು ಮಾಡಿದರೂ ಪರವಾಗಿಲ್ಲ. ಯಾವ ವ್ಯಾಪಾರದ ಲಾಭ ಆದರೂ ಸರಿ, ಅದೇ ವ್ಯಾಪಾರ ಆಗಬೇಕಿಲ್ಲ, ಹಳೆಯದು ನಡೆಯುತ್ತಿರಬೇಕಿಲ್ಲ. ಆದರೆ ಮುಚ್ಚಿ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದರೆ ಬರೋದು ಸಂಬಳ. ಆಗ ನಷ್ಟ ಸುಮ್ನೆ ಕೂತು 8 ವರ್ಷಕ್ಕೆ ಮುಗಿಯುತ್ತದೆ.

ಪಾಲುದಾರರು ಬದಲಾದರೆ ಏನಾಗುತ್ತೆ?

ಫರ್ಮ್‌ನ ನಷ್ಟ ಫರ್ಮ್‌ನದ್ದೇ, ಪಾಲುದಾರರು ಅದನ್ನು ತಮ್ಮ ರಿಟರ್ನ್‌ನಲ್ಲಿ ಹಾಕಿಕೊಳ್ಳೋಕೆ ಬರೋಲ್ಲ. ಆದರೆ ಒಬ್ಬರು ಹೊರಗೆ ಹೋದರೆ ಅವರ ಪಾಲಿಗೆ ಬರುವ ನಷ್ಟವನ್ನು ಫರ್ಮ್ ಮುಂದಕ್ಕೆ ಒಯ್ಯೋಕೆ ಆಗೋಲ್ಲ. ಅಣ್ಣ ತಂಗಿಯದು ಅರ್ಧ ಅರ್ಧ ಪಾಲು. ಎರಡನೇ ವರ್ಷದ ಕೊನೆಗೆ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಅಣ್ಣ ಬಿಟ್ಟುಹೋಗುತ್ತೇನೆ ಅಂದಿದ್ದರು. ಹೋಗಿದ್ದರೆ, ಅವರ ಜಾಗಕ್ಕೆ ಇನ್ನೊಬ್ಬ ಪಾಲುದಾರರು ಬಂದು ಫರ್ಮ್ ಮುಂದುವರಿದಿದ್ದರೂ, 6,50,000ದಲ್ಲಿ 3,25,000 ಅವರ ಹಿಂದೆಯೇ ಹೋಗುತ್ತಿತ್ತು. ಒಬ್ಬ ಪಾಲುದಾರ ತೀರಿಕೊಂಡರೂ ಇದೇ ನಿಯಮ.

ಸ್ವಂತ ವ್ಯಾಪಾರದಲ್ಲಿ ಬೇರೆ. ತಂದೆ ತೀರಿಕೊಂಡು ಮಗಳು ಅಂಗಡಿ ಮುಂದುವರಿಸಿದರೆ, ವಾರಸುದಾರಳಾಗಿ ತಂದೆಯ ನಷ್ಟವನ್ನು ಅವಳು ಕಳೆದುಕೊಳ್ಳಬಹುದು. ಅಂಗಡಿಯನ್ನು ಬೇರೆಯವರಿಗೆ ಮಾರಿದರೆ ಕೊಂಡವರಿಗೆ ನಷ್ಟ ಹೋಗೋಲ್ಲ.

ಪ್ರೈವೇಟ್ ಲಿಮಿಟೆಡ್ ಕಂಪನಿ ಆದರೆ ಶೇ. 51 ಮತದ ಹಕ್ಕು, ನಷ್ಟದ ವರ್ಷ ಇದ್ದವರ ಕೈಯಲ್ಲೇ ಇರಬೇಕು. ಅರ್ಹ ಸ್ಟಾರ್ಟಪ್‌ಗಳಿಗೆ ಸ್ವಲ್ಪ ಸಡಿಲ ಇದೆ. ಹೂಡಿಕೆದಾರರಿಗೆ ಷೇರು ಕೊಡುವ ಮುಂಚೆ ಇದನ್ನು ಕೇಳಿಕೊಳ್ಳಿ, ಆಮೇಲೆ ಅಲ್ಲ.

ಮಿಲ್ ಶುರುವಾಗೋಕೆ ಮುಂಚೆ ಮಾಡಿದ ಖರ್ಚೂ ನಷ್ಟಕ್ಕೆ ಸೇರುತ್ತಾ?

ವ್ಯಾಪಾರ ಸಜ್ಜಾದ ದಿನದಿಂದ ಮಾಡಿದ ಖರ್ಚು ಸೇರುತ್ತದೆ. ಸಜ್ಜಾಗೋದು ಅಂದರೆ ಮೊದಲ ಮಾರಾಟ ಅಲ್ಲ. ಮೆಷೀನ್ ಕೂತಿದೆ, ಬೆಸ್ಕಾಂ ಮೀಟರ್ ಬಂದಿದೆ, ಕೊಬ್ಬರಿ ತಂದರೆ ಅರೆಯಬಹುದು ಅನ್ನುವ ಸ್ಥಿತಿ. ಆವತ್ತಿನಿಂದ ಗಿರಾಕಿ ಬರದೆ ಇದ್ದರೂ ಬಾಡಿಗೆ, ಕೂಲಿ ಖರ್ಚೇ. ಆ ದಿನ ಯಾವುದು ಅನ್ನೋದಕ್ಕೆ ಮೀಟರ್ ಕೊಟ್ಟ ಕಾಗದ, ಟ್ರಯಲ್ ಓಡಿಸಿದ ದಿನದ ಫೋಟೋ ಇಟ್ಟುಕೊಳ್ಳಿ.

ಜಿಎಸ್‌ಟಿಯಲ್ಲಿ ಉಳಿದ ಐಟಿಸಿಯೂ ಇದೇನಾ?

ಅಲ್ಲ, ಅದು ಬೇರೆ ಇಲಾಖೆ, ಬೇರೆ ಲೆಕ್ಕ. ಕೊಂಡ ಮಾಲಿಗೆ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್ ಅದು. ಒಂದೇ ಸಂಬಂಧ ಇದೆ: ಮೆಷೀನಿನ ಜಿಎಸ್‌ಟಿಗೆ ಐಟಿಸಿ ತಗೊಂಡಿದ್ದರೆ ಆ ಮೊತ್ತವನ್ನು ಮೆಷೀನಿನ ಬೆಲೆಗೆ ಸೇರಿಸಿ ಮತ್ತೆ ಸವಕಳಿ ಕೇಳುವಂತಿಲ್ಲ.

2026ರಿಂದ ಹೊಸ ಕಾಯ್ದೆ ಬಂದಿದೆಯಂತೆ. ಹಳೆ ನಷ್ಟ ಹೋಯಿತಾ?

ಹೋಗಿಲ್ಲ. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಕಲಂಗಳ ಸಂಖ್ಯೆ ಬದಲಾಗಿದೆ, ಅಸೆಸ್‌ಮೆಂಟ್ ವರ್ಷದ ಬದಲು ತೆರಿಗೆ ವರ್ಷ ಅನ್ನುತ್ತಾರೆ. 8 ವರ್ಷದ ಲೆಕ್ಕ ಉಳಿದಿದೆ, ಹಳೆ ಕಾಯ್ದೆಯಲ್ಲಿ ದಾಖಲಾದ ನಷ್ಟವೂ ಮುಂದುವರಿಯುತ್ತದೆ. ನಾನು ಮೇಲೆ ಬರೆದ ಕಲಂ ಸಂಖ್ಯೆಗಳು ಹಳೆ ಕಾಯ್ದೆಯವು.

ನನ್ನ ನಷ್ಟ ಸರಿಯಾಗಿ ದಾಖಲಾಗಿದೆ ಅಂತ ತಿಳಿಯೋದು ಹೇಗೆ?

ಇಲಾಖೆಯಿಂದ 143(1) ಇಂಟಿಮೇಶನ್ ಅಂತ ಒಂದು ಪಿಡಿಎಫ್ ಮೇಲ್‌ಗೆ ಬರುತ್ತದೆ. ತೆರಿಗೆ ಸೊನ್ನೆ, ರೀಫಂಡ್ ಸೊನ್ನೆ ಅಂತ ನೋಡಿ ಜನ ಅದನ್ನು ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ. ಎರಡು ಕಾಲಂ ಇರುತ್ತವೆ, ಒಂದು ನೀವು ಕೊಟ್ಟದ್ದು, ಇನ್ನೊಂದು ಇಲಾಖೆ ಲೆಕ್ಕ ಹಾಕಿದ್ದು. ಮುಂದಕ್ಕೆ ಒಯ್ಯುವ ನಷ್ಟದ ಸಾಲಿನಲ್ಲಿ ಎರಡೂ ಒಂದೇ ಇರಬೇಕು. ಇಲಾಖೆಯ ಕಾಲಂನಲ್ಲಿ ಸೊನ್ನೆ ಇದ್ದರೆ ರಿಟರ್ನ್ ತಡ ಅಂತ ಪರಿಗಣಿಸಿರುವ ಸಾಧ್ಯತೆ ಜಾಸ್ತಿ. ಆಗಲೇ ತಿದ್ದುಪಡಿ ಕೇಳಿ.

ಆಮೇಲಿನ ಪ್ರತಿ ವರ್ಷವೂ Schedule CFL ನಲ್ಲಿ ಹಿಂದಿನ ಅಂಕಿಯನ್ನು ಮತ್ತೆ ತುಂಬಬೇಕು. ಆಡಿಟರ್ ಬದಲಾಯಿಸಿದಾಗ ಇದು ಬಿಟ್ಟುಹೋಗೋದು ಮಾಮೂಲು. ಹೊಸಬರಿಗೆ ಹಿಂದಿನ ರಿಟರ್ನ್ ಮತ್ತು ಇಂಟಿಮೇಶನ್ ಎರಡನ್ನೂ ಕೊಡಿ.

ನಷ್ಟದ ವರ್ಷದ ಬಿಲ್ಲುಗಳನ್ನು ಎಷ್ಟು ವರ್ಷ ಇಡಬೇಕು?

ಆ ನಷ್ಟವನ್ನು ಲಾಭದಲ್ಲಿ ಪೂರ್ತಿ ಕಳೆದುಕೊಂಡು, ಹಾಗೆ ಕಳೆದುಕೊಂಡ ವರ್ಷದ ಲೆಕ್ಕವನ್ನು ಇಲಾಖೆ ಮತ್ತೆ ತೆರೆಯುವ ಅವಧಿ ಮುಗಿಯುವ ತನಕ. ನಮ್ಮ ಮಿಲ್‌ನ ತಂಗಿ 2021ರ ಮೆಷೀನ್ ಬಿಲ್ಲನ್ನು, ರೈತರ ಸಹಿ ಇರುವ ತೂಕದ ಚೀಟಿಗಳನ್ನು ಒಂದು ತಗಡಿನ ಟ್ರಂಕ್‌ನಲ್ಲಿ ಇಟ್ಟಿದ್ದಾರೆ. ಥರ್ಮಲ್ ಕಾಗದದ ಚೀಟಿಗಳು ಆಗಲೇ ಬೆಳ್ಳಗಾಗಿದ್ದವು, ಅದೃಷ್ಟಕ್ಕೆ ಮೊದಲ ವಾರವೇ ಫೋನ್‌ನಲ್ಲಿ ಫೋಟೋ ತೆಗೆದಿದ್ದರು.